ಕಾರು ಓಡಿಸಿದ್ದು ಹದಿನೇಳರ ಮಗ, ಕ್ಲೇಮು ಯಾರದ್ದು?

ಪುಣೆ, ಪಿಂಪ್ರಿ-ಚಿಂಚವಡ ಕಡೆ ಇರುವ ನಮ್ಮ ಕನ್ನಡದವರ ಮನೆಗಳಲ್ಲಿ ಕಾರು ಬಂದ ಮೇಲೆ ಮಕ್ಕಳ ಕೈಗೆ ಸ್ಟಿಯರಿಂಗ್ ಸಿಗಲು ಜಾಸ್ತಿ ದಿನ ಬೇಕಾಗುವುದಿಲ್ಲ. ಹತ್ತನೇ ಕ್ಲಾಸಿನ ರಜೆಯಲ್ಲಿ ಸೊಸೈಟಿಯೊಳಗೆ ಒಂದು ಸುತ್ತು. ಆಮೇಲೆ ಬೆಳಿಗ್ಗೆ ಬೇಗ, ರೋಡು ಖಾಲಿ ಇದ್ದಾಗ, ಹಾಲಿನ ಅಂಗಡಿವರೆಗೆ. ಯಾರಾದರೂ ಬೇಡ ಅಂದರೆ ಬರುವ ಉತ್ತರ ಒಂದೇ: "ಇನ್ಶೂರೆನ್ಸ್ ಇದೆಯಲ್ಲ."

ಇನ್ಶೂರೆನ್ಸ್ ಇರುತ್ತದೆ, ನಿಜ. ಆದರೆ ಲೈಸೆನ್ಸ್ ಇಲ್ಲದ ಮಗ ಗಾಡಿ ಗುದ್ದಿದ ದಿನ ಆ ಪಾಲಿಸಿ ಯಾರಿಗೆ ಏನು ಕೊಡುತ್ತದೆ, ಕೊಟ್ಟದ್ದನ್ನು ಮತ್ತೆ ಯಾರಿಂದ ವಸೂಲು ಮಾಡುತ್ತದೆ ಎಂಬುದು ಬಹಳ ಮನೆಗಳಿಗೆ ಗೊತ್ತಾಗುವುದು ಕೋರ್ಟಿನ ನೋಟಿಸು ಬಂದ ಮೇಲೆಯೇ. ಅದನ್ನು ಮೊದಲೇ ತಿಳಿಸಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕಾರಿನ ಪೂರ್ತಿ ಪಾಲಿಸಿ, ಅಂದರೆ ಏಜೆಂಟರು ಪ್ಯಾಕೇಜ್ ಪಾಲಿಸಿ ಅನ್ನುವುದು, ನೋಡಲು ಒಂದೇ ಕಾಗದ. ಒಳಗೆ ಮೂರು ಬೇರೆ ಬೇರೆ ಜವಾಬ್ದಾರಿಗಳಿವೆ. ನಿಮ್ಮ ಕಾರಿಗಾದ ಹಾನಿ ತುಂಬಿಕೊಡುವುದು ಒಂದು. ಇದಕ್ಕೆ ಓನ್ ಡ್ಯಾಮೇಜ್ ಅನ್ನುತ್ತಾರೆ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಸಾವು, ಗಾಯ, ಆಸ್ತಿ ನಷ್ಟಕ್ಕೆ ಪರಿಹಾರ ಕೊಡುವುದು ಇನ್ನೊಂದು. ಅದು ಥರ್ಡ್ ಪಾರ್ಟಿ. ಮೂರನೆಯದು ಕಾರಿನ ಮಾಲೀಕರು ತಾವೇ ಓಡಿಸುವಾಗ ಸತ್ತರೆ ಅಥವಾ ಅಂಗ ಕಳೆದುಕೊಂಡರೆ ಸಿಗುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಸ್ಟಿಯರಿಂಗ್ ಹಿಡಿದವರಿಗೆ ಲೈಸೆನ್ಸ್ ಇಲ್ಲ ಎಂದ ಕೂಡಲೇ ಈ ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಗೊಂದಲ ಹುಟ್ಟುವುದೇ ಇಲ್ಲಿ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಇದು ನಡೆದ ಘಟನೆಯಲ್ಲ, ವಿಷಯ ಬಿಡಿಸಿ ಹೇಳಲು ಮಾಡಿಕೊಂಡದ್ದು.

ನಿಗಡಿಯಲ್ಲಿ ಒಂದು ಕುಟುಂಬ. ಊರು ವಿಜಯಪುರದ ಕಡೆ. ತಂದೆಗೆ ಭೋಸರಿಯ ಕಾರ್ಖಾನೆಯಲ್ಲಿ ಕೆಲಸ. ಕಾರು ತಾಯಿಯ ಹೆಸರಿನಲ್ಲಿದೆ. ಸಾಲ ತೆಗೆಯುವಾಗ ಹಾಗೆ ಅನುಕೂಲವಾಯಿತು, ಅಷ್ಟೇ. ತಾಯಿಗೆ ಡ್ರೈವಿಂಗ್ ಬರುವುದಿಲ್ಲ. ಒಂದು ಭಾನುವಾರ ತಾಯಿ ಮದುವೆಗೆಂದು ಊರಿಗೆ ಹೋಗಿದ್ದಾರೆ, ತಂದೆಗೆ ರಾತ್ರಿ ಪಾಳಿ. ಹನ್ನೆರಡನೇ ಕ್ಲಾಸಿನ ಮಗನಿಗೆ ವಯಸ್ಸು 17. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಮೊಳೆಗೆ ನೇತುಹಾಕಿದ ಕೀ ತಗೊಂಡು ಬೆಳಿಗ್ಗೆ ಆರಕ್ಕೆ ಹೊರಡುತ್ತಾನೆ. ಸ್ಪೈನ್ ರೋಡಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬರಿಗೆ ಕಾರು ಬಡಿಯುತ್ತದೆ. ಅವರು ತೀರಿಹೋಗುತ್ತಾರೆ. 34 ವರ್ಷ, ಸೆಕ್ಯೂರಿಟಿ ಕೆಲಸ, ತಿಂಗಳಿಗೆ 20,000 ಸಂಬಳ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಇತ್ತ ಕಾರಿನ ಮುಂಭಾಗ ನುಜ್ಜುಗುಜ್ಜಾಗಿದೆ. ಗ್ಯಾರೇಜಿನವರು ಕೊಟ್ಟ ಅಂದಾಜು 1,80,000 ರೂಪಾಯಿ.

ಮೊದಲು ಆ 1,80,000 ನೋಡೋಣ. ಅದು ಬೇಗ ಮುಗಿಯುತ್ತದೆ.

ಎಲ್ಲ ಕಾರು ಪಾಲಿಸಿಗಳಲ್ಲೂ ಡ್ರೈವರ್ ಕಲಂ ಅಂತ ಒಂದು ಇರುತ್ತದೆ. ಅಪಘಾತದ ಹೊತ್ತಿಗೆ ಗಾಡಿ ಓಡಿಸುತ್ತಿದ್ದವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಲೈಸೆನ್ಸ್ ಪಡೆಯಲು ಅವರು ಅನರ್ಹರಾಗಿರಬಾರದು ಎಂದು ಅದು ಹೇಳುತ್ತದೆ. ಆ ಕಲಮಿಗೆ ಹೊಂದದ ಯಾರೇ ಓಡಿಸುತ್ತಿದ್ದರೂ ಹಾನಿ ಕೊಡುವುದಿಲ್ಲ ಎಂದು ಪಾಲಿಸಿಯ ಕೊನೆಯ ಪುಟಗಳಲ್ಲಿ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 18 ತುಂಬದವರು ಕಾರು ಓಡಿಸುವ ಹಾಗಿಲ್ಲ. ಹಾಗಾಗಿ ಹದಿನೇಳರ ಹುಡುಗನ ವಿಷಯದಲ್ಲಿ ವಾದಕ್ಕೆ ಹೆಚ್ಚು ಜಾಗವೇ ಇಲ್ಲ. ಕ್ಲೇಮ್ ಫಾರಮಿನಲ್ಲಿ ಡ್ರೈವರ್ ಹೆಸರು, ಲೈಸೆನ್ಸ್ ನಂಬರು, ಯಾವ ಬಗೆಯ ವಾಹನಕ್ಕೆ, ಯಾವ ತಾರೀಖಿನವರೆಗೆ ಎಂಬ ಕಾಲಂಗಳಿರುತ್ತವೆ. ಅವು ಖಾಲಿ ಉಳಿದರೆ ತಿರಸ್ಕಾರದ ಪತ್ರ ಬರುತ್ತದೆ. ರಿಪೇರಿ ಪೂರ್ತಿ ಮನೆಯವರ ಕೈಯಿಂದ. 15 ಲಕ್ಷದ ಅಪಘಾತ ವಿಮೆಗೂ ಇಲ್ಲಿ ಕೆಲಸವಿಲ್ಲ. ಅದು ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ, ಮಗನಿಗೆ ಅಲ್ಲ.

"ಸೊಸೈಟಿಯ ಒಳಗೇ ಓಡಿಸಿದ್ದು, ರೋಡಿಗೆ ಹೋಗಿಲ್ಲ" ಅನ್ನುವವರು ಬಹಳ. ಡ್ರೈವರ್ ಕಲಮಿನಲ್ಲಿ ಜಾಗದ ಮಾತೇ ಇಲ್ಲ. ಪಾರ್ಕಿಂಗಿನ ಕಂಬಕ್ಕೆ ಗುದ್ದಿದರೂ ಕೇಳುವುದು ಅದೇ ಪ್ರಶ್ನೆ, ಓಡಿಸಿದ್ದು ಯಾರು?

ಇಲ್ಲೇ ಮನೆಯವರಿಗೆ ಒಂದು ಯೋಚನೆ ಬರುತ್ತದೆ. ಓಡಿಸಿದ್ದು ಅಪ್ಪ ಅಂತ ಬರೆಸಿಬಿಟ್ಟರೆ? ಅಪ್ಪನಿಗೆ ಲೈಸೆನ್ಸ್ ಇದೆ, ಕಾರಿನ ದುಡ್ಡೂ ಬರುತ್ತದೆ, ಮಗನ ಭವಿಷ್ಯವೂ ಉಳಿಯುತ್ತದೆ. ಹೆತ್ತವರ ಮನಸ್ಸಿಗೆ ಅದು ಎಷ್ಟು ಸಹಜ ಎಂದು ನನಗೆ ಅರ್ಥವಾಗುತ್ತದೆ. ಆದರೆ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಹಾನಿ ಮಾಡುವ ಹೆಜ್ಜೆ ಇನ್ನೊಂದಿಲ್ಲ.

ನಮ್ಮ ಉದಾಹರಣೆಯನ್ನೇ ತಗೊಳ್ಳಿ. ತಂದೆ ಆ ಹೊತ್ತಿಗೆ ಪಾಳಿಯಲ್ಲಿದ್ದರು. ಕಾರ್ಖಾನೆಯ ಹಾಜರಿ ಯಂತ್ರದಲ್ಲಿ ಅವರ ಬೆರಳಚ್ಚು ಇದೆ. ಸೊಸೈಟಿ ಗೇಟಿನ ಕ್ಯಾಮೆರಾದಲ್ಲಿ ಕಾರು ಹೊರಟದ್ದು ಕಾಣುತ್ತದೆ. ಮೊಬೈಲು ಎಲ್ಲಿತ್ತು ಎಂಬುದನ್ನು ಪೊಲೀಸರು ತೆಗೆಸಬಹುದು. ಡ್ರೈವರ್ ಸೀಟನ್ನು ಎಷ್ಟು ಮುಂದಕ್ಕೆ ಎಳೆದಿದೆ, ಏರ್‌ಬ್ಯಾಗ್ ಬಿಚ್ಚಿದ್ದರೆ ಯಾರ ಮುಖಕ್ಕೆ, ಕೈಗೆ ತರಚು ಬಿದ್ದಿದೆ, ಸೀಟ್ ಬೆಲ್ಟಿನ ಗುರುತು ಯಾರ ಯಾವ ಭುಜದ ಮೇಲಿದೆ, ಇವನ್ನೆಲ್ಲ ಹಾನಿ ಅಳೆಯಲು ಬರುವ ಅನುಭವಿ ಸರ್ವೇಯರ್ ಒಂದೇ ಭೇಟಿಯಲ್ಲಿ ನೋಡುತ್ತಾರೆ. ಕ್ಲೇಮ್ ಫಾರಂ ಒಂದು ಹೇಳಿ, ಎಫ್ಐಆರ್ ಇನ್ನೊಂದು ಹೇಳಿ, ಆಸ್ಪತ್ರೆಯ ಕೇಸ್ ಪೇಪರ್ ಮೂರನೆಯದನ್ನು ಹೇಳಿದರೆ ಕಡತ ಸೀದಾ ತನಿಖೆಗೆ ಹೋಗುತ್ತದೆ. ಸುಳ್ಳು ಹೊರಬಿದ್ದರೆ ಅದು ವಂಚನೆಯ ಕ್ಲೇಮು. ಸಾಕ್ಷ್ಯ ಮುಚ್ಚಿಟ್ಟದ್ದಕ್ಕೆ, ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ತಂದೆಯ ಮೇಲೆ ಬೇರೆಯೇ ಕ್ರಿಮಿನಲ್ ಕೇಸು ಬೀಳಬಹುದು. ಅಲ್ಲಿಯವರೆಗೆ ಅವರ ಮೇಲೆ ಇದ್ದದ್ದು ಮಗನಿಗೆ ಗಾಡಿ ಸಿಗುವಂತೆ ಬಿಟ್ಟರು ಎಂಬ ಮಾತು. ಈಗ ಸುಳ್ಳು ಹೇಳಿದವರು ಎಂಬ ಮಾತೂ ಸೇರಿತು. ಮುಂದೆ ಪರಿಹಾರದ ಕೇಸಿನಲ್ಲಿ ಅವರು ಏನು ಹೇಳಿದರೂ ನಂಬಲು ಯಾರೂ ತಯಾರಿರುವುದಿಲ್ಲ.

2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಆ ಪ್ರಕರಣದಲ್ಲಿ ಅಪಘಾತದಷ್ಟೇ ಸುದ್ದಿಯಾದದ್ದು ಆಮೇಲಿನ ಆರೋಪಗಳು. ರಕ್ತದ ಮಾದರಿ ಬದಲಿಸಿದರು, ಮನೆಯ ಡ್ರೈವರ್ ಮೇಲೆ ತಪ್ಪು ಹೊರಿಸಲು ನೋಡಿದರು ಎಂಬ ಆರೋಪದ ಮೇಲೆ ಮನೆಯವರ ಬಂಧನವೂ ಆಯಿತು.

ಈಗ ಥರ್ಡ್ ಪಾರ್ಟಿಗೆ ಬರೋಣ. ನಿಜವಾದ ದುಡ್ಡಿನ ಮಾತು ಇಲ್ಲಿದೆ.

ಸತ್ತವರ ಹೆಂಡತಿ ಶಿವಾಜಿನಗರದ ಕೋರ್ಟಿನಲ್ಲಿರುವ ಮೋಟಾರು ಅಪಘಾತ ಪರಿಹಾರ ಟ್ರಿಬ್ಯುನಲ್ಲಿಗೆ ಅರ್ಜಿ ಹಾಕುತ್ತಾರೆ ಅಂದುಕೊಳ್ಳಿ. ಅದರಲ್ಲಿ ಮೊದಲ ಎದುರುದಾರರು ಸಾಮಾನ್ಯವಾಗಿ ಆರ್‌ಸಿ ಪುಸ್ತಕದಲ್ಲಿ ಹೆಸರಿರುವವರು. ಅಂದರೆ ನಮ್ಮ ಉದಾಹರಣೆಯಲ್ಲಿ ತಾಯಿ. ಅವರು ಕಾರು ಓಡಿಸಿದವರಲ್ಲ, ಆ ದಿನ ಪುಣೆಯಲ್ಲೇ ಇರಲಿಲ್ಲ. ಆದರೂ ಮಾಲೀಕರು ಅವರೇ. ಜೊತೆಗೆ ವಿಮಾ ಕಂಪನಿಯೂ ಎದುರುದಾರ.

ಪರಿಹಾರದ ಲೆಕ್ಕ ಹೇಗೆ ಬರುತ್ತದೆ ನೋಡಿ. ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ, 2017ರಲ್ಲಿ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಕೊಟ್ಟ ಸೂತ್ರವನ್ನೇ ಟ್ರಿಬ್ಯುನಲ್ಲುಗಳು ಬಳಸುತ್ತವೆ. ತಿಂಗಳಿಗೆ 20,000 ಅಂದರೆ ವರ್ಷಕ್ಕೆ 2,40,000. ನಲವತ್ತರ ಒಳಗಿನವರು, ಕಾಯಂ ನೌಕರಿ ಅಲ್ಲ. ಹಾಗಾಗಿ ಮುಂದೆ ಏರಬಹುದಾಗಿದ್ದ ಆದಾಯಕ್ಕೆಂದು 40 ಪರ್ಸೆಂಟ್ ಸೇರಿಸುತ್ತಾರೆ. 3,36,000 ಆಯಿತು. ಅವರ ಸ್ವಂತ ಖರ್ಚಿಗೆಂದು, ಅವಲಂಬಿತರು ನಾಲ್ಕು ಜನ ಇರುವುದರಿಂದ, ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 2,52,000. 31ರಿಂದ 35 ವಯಸ್ಸಿನವರಿಗೆ ಇದನ್ನು 16ರಿಂದ ಗುಣಿಸಬೇಕು. 40,32,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಹೆಂಡತಿ-ಮಕ್ಕಳು-ತಾಯಿ ಕಳಕೊಂಡ ಆಸರೆ, ಇವುಗಳ ನಿಗದಿ ಮೊತ್ತ ಸೇರಿದರೆ 42 ಲಕ್ಷ ದಾಟುತ್ತದೆ. ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿ. ಸಾವಿನಲ್ಲಿ ಥರ್ಡ್ ಪಾರ್ಟಿ ವಿಮೆಗೆ ಮೇಲ್ಮಿತಿ ಇಲ್ಲ. ಕೋರ್ಟು ಎಷ್ಟು ಹೇಳುತ್ತದೋ ಅಷ್ಟು.

ಮಾಮೂಲಿ ಅಪಘಾತವಾದರೆ ಈ ದುಡ್ಡನ್ನು ಕಂಪನಿ ಕೊಟ್ಟು ಮುಗಿಸುತ್ತದೆ. ಇಲ್ಲಿ ಹಾಗಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿದ್ದರು ಎಂದು ತಕರಾರು ತೆಗೆಯುವ ಹಕ್ಕನ್ನು ಕಾಯ್ದೆಯೇ ಕಂಪನಿಗೆ ಕೊಟ್ಟಿದೆ. ಆದರೆ ಸುಮ್ನೆ ಹೇಳಿದರೆ ಸಾಲದು, ಅದನ್ನು ಸಾಬೀತು ಮಾಡುವ ಹೊರೆ ಕಂಪನಿಯದು. ಹುಡುಗನ ಶಾಲೆಯ ದಾಖಲೆ, ಜನನ ಪ್ರಮಾಣಪತ್ರ, ಆರ್‌ಟಿಒ ಸಾಕ್ಷಿ, ಪೊಲೀಸರ ಚಾರ್ಜ್‌ಶೀಟ್ ತಂದು ತೋರಿಸುತ್ತಾರೆ. ಇಷ್ಟಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಷರತ್ತು ಮುರಿದದ್ದರಲ್ಲಿ ಮಾಲೀಕರ ತಪ್ಪು ಇದೆಯಾ? 1987ರ ಸ್ಕಾಂಡಿಯಾ ಪ್ರಕರಣದಿಂದ ಹಿಡಿದು 2004ರ ಸ್ವರ್ಣ ಸಿಂಗ್ ಪ್ರಕರಣದವರೆಗೆ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದೆ. ಮಾಲೀಕರು ಬೇಕೆಂದೇ ಷರತ್ತು ಮುರಿದರು, ಇಲ್ಲವೇ ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ ಎಂದು ಕಂಪನಿ ತೋರಿಸಬೇಕು.

ಹಾಗಾದರೆ "ಮಗ ಹೇಳದೆ ಕೀ ತಗೊಂಡು ಹೋದ" ಅಂದರೆ ಮುಗಿಯಿತಲ್ಲ? ಅಷ್ಟು ಸುಲಭವಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಜವಾಹರ್ ಸಿಂಗ್ ಪ್ರಕರಣದಲ್ಲಿ ವಾದ ಇದೇ ಆಗಿತ್ತು. ಅಲ್ಲಿ ಬೈಕು ಓಡಿಸಿದ್ದವನು ಅಪ್ರಾಪ್ತ ಹುಡುಗ. ಕೇಳದೆ ತಗೊಂಡು ಹೋದ ಎಂದು ಮಾಲೀಕರು ಹೇಳಿದರು. ಗಾಡಿ ದುರುಪಯೋಗ ಆಗದ ಹಾಗೆ ನೋಡಿಕೊಳ್ಳುವ ಹೊಣೆ ಮಾಲೀಕರದ್ದೇ ಎಂದು ಕೋರ್ಟು ಹೇಳಿತು. ಕಂಪನಿ ಸತ್ತವರ ಮನೆಯವರಿಗೆ ದುಡ್ಡು ಕೊಟ್ಟು ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು ಎಂಬ ಆದೇಶ ಹಾಗೇ ಉಳಿಯಿತು. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಮೊಳೆ ಈಗ ಸಣ್ಣ ವಿಷಯವಲ್ಲ. ಕೀ ಎಲ್ಲಿತ್ತು, ಮಗ ಮುಂಚೆಯೂ ಓಡಿಸುತ್ತಿದ್ದನಾ, ವಾಚ್‌ಮನ್ ಏನು ಹೇಳುತ್ತಾರೆ, ಇನ್ಸ್ಟಾಗ್ರಾಮಿನಲ್ಲಿ ಮಗ ಸ್ಟಿಯರಿಂಗ್ ಹಿಡಿದ ವಿಡಿಯೋ ಇದೆಯಾ ಎಂಬುದೆಲ್ಲ ಸಾಕ್ಷ್ಯವಾಗುತ್ತದೆ. ಸೊಸೈಟಿಯ ಆ ಒಂದು ಸುತ್ತನ್ನು ನೋಡಿದವರು ಎಷ್ಟೋ ಜನ ಇರುತ್ತಾರೆ, ಅಲ್ವಾ?

ಕೊಟ್ಟು ವಸೂಲು ಮಾಡುವ ಈ ಆದೇಶವನ್ನು ವಕೀಲರು 'ಪೇ ಅಂಡ್ ರಿಕವರ್' ಅನ್ನುತ್ತಾರೆ. ಸತ್ತವರ ಹೆಂಡತಿ-ಮಕ್ಕಳು ಒಂದು ಕುಟುಂಬದ ತಪ್ಪಿಗಾಗಿ ವರ್ಷಗಟ್ಟಲೆ ಅಲೆಯಬಾರದು ಎಂಬುದು ಇದರ ಹಿಂದಿನ ವಿಚಾರ. ನನಗೆ ಇದು ನ್ಯಾಯವಾದ ವ್ಯವಸ್ಥೆ ಅನ್ನಿಸುತ್ತದೆ. ಕಂಪನಿ 42 ಲಕ್ಷ ಚಿಲ್ಲರೆಯನ್ನು ಬಡ್ಡಿ ಸಮೇತ ಟ್ರಿಬ್ಯುನಲ್ಲಿನಲ್ಲಿ ಕಟ್ಟುತ್ತದೆ, ಅವರಿಗೆ ಸಿಗುತ್ತದೆ. ಆಮೇಲೆ ಕಂಪನಿ ತಿರುಗುವುದು ನಿಗಡಿಯ ಮನೆಯ ಕಡೆಗೆ. ಅದಕ್ಕಾಗಿ ಹೊಸ ದಾವೆ ಹೂಡಬೇಕಾಗಿಲ್ಲ. 2004ರ ನಂಜಪ್ಪನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿತು. ಅದೇ ಆದೇಶದ ಜಾರಿಗೆ ಅರ್ಜಿ ಹಾಕಿದರೆ ಸಾಕು. ಮಾಲೀಕರಿಂದ ಭದ್ರತೆ ಕೇಳಬಹುದು, ವಾಹನವನ್ನು ಜಪ್ತಿ ಮಾಡಿಸಬಹುದು, ಆಸ್ತಿಯ ಮೇಲೆ ಹೋಗಬಹುದು. ತಾಯಿಯ ಹೆಸರಿನಲ್ಲಿ ಊರಲ್ಲಿ ಹೊಲ ಇದ್ದರೆ ಅದೂ ಈ ಲೆಕ್ಕಕ್ಕೆ ಬರಬಹುದು.

ಎಲ್ಲ ಸಲ ಕಂಪನಿ ಮೊದಲು ಕೊಡುತ್ತದೆ ಎಂದೂ ಇಲ್ಲ. 2008ರ ರಾಕೇಶ್ ಕುಮಾರ್ ಅರೋರಾ ಪ್ರಕರಣದಲ್ಲಿ ತಂದೆಯ ಕಾರನ್ನು ಅಪ್ರಾಪ್ತ ಮಗ ಓಡಿಸಿದ್ದ. ಅಲ್ಲಿ ಕಂಪನಿಯ ಮೇಲೆ ಹೊಣೆಯೇ ಇಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಂಥ ತೀರ್ಪು ಬಂದರೆ ಕಂಪನಿ ಮೊದಲು ಕೊಡುವ ಮಾತೂ ಇಲ್ಲ, ಪೂರ್ತಿ ಮೊತ್ತ ನೇರವಾಗಿ ಮಾಲೀಕರ ತಲೆ ಮೇಲೆ. ಎರಡು ದಾರಿಯಲ್ಲಿ ಯಾವುದಾದರೂ ಕೊನೆಗೆ ಕೊಡುವವರು ಮನೆಯವರೇ. ವ್ಯತ್ಯಾಸ ಆಗುವುದು ಸತ್ತವರ ಕುಟುಂಬಕ್ಕೆ ದುಡ್ಡು ಬೇಗ ಸಿಗುತ್ತದೋ ತಡವಾಗುತ್ತದೋ ಎಂಬುದರಲ್ಲಿ.

ಈ ಹಂತದಲ್ಲಿ ಮನೆಯವರು ಮಾಡುವ ತಪ್ಪು ಒಂದಿದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಟ್ರಿಬ್ಯುನಲ್ಲಿನ ನೋಟಿಸು ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರುತ್ತದೆ. ಅದರಲ್ಲಿ ವಿಮಾ ಕಂಪನಿಯ ಹೆಸರೂ ಇರುತ್ತದೆ. "ಕಂಪನಿಯ ವಕೀಲರು ನೋಡಿಕೊಳ್ಳುತ್ತಾರೆ" ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಕಂಪನಿಯ ವಕೀಲರು ನಿಮ್ಮ ವಕೀಲರಲ್ಲ. ಲೈಸೆನ್ಸಿನ ವಿಷಯದಲ್ಲಿ ಅವರು ನಿಮ್ಮ ಎದುರು ನಿಂತವರು. ನೀವು ಹೋಗದಿದ್ದರೆ ಟ್ರಿಬ್ಯುನಲ್ಲು ನಿಮ್ಮ ಗೈರುಹಾಜರಿಯಲ್ಲೇ ಕೇಸು ನಡೆಸುತ್ತದೆ. ಕೀ ಹೇಗೆ ಸಿಕ್ಕಿತು, ಮನೆಯಲ್ಲಿ ಯಾರಿದ್ದರು, ಮಗನಿಗೆ ಬೇಡ ಎಂದು ಎಷ್ಟು ಸಲ ಹೇಳಿದ್ದಿರಿ ಎಂಬುದನ್ನು ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಕಂಪನಿಯ ಸಾಕ್ಷ್ಯಕ್ಕೆ ಎದುರು ಪ್ರಶ್ನೆಯೂ ಇಲ್ಲ. ಸೈಕಲ್ ಯಾವ ದಿಕ್ಕಿನಿಂದ ಬಂತು, ಸತ್ತವರ ಆದಾಯ ಎಷ್ಟು ಎಂಬುದನ್ನು ಕೇಳುವವರೂ ಇಲ್ಲ. ವಸೂಲಾತಿಯ ನೋಟಿಸು ಬಂದ ಮೇಲೆ ವಕೀಲರ ಹತ್ತಿರ ಓಡಿದರೆ ಹೊತ್ತು ಮೀರಿರುತ್ತದೆ. ಹಾಗಾಗಿ ಮೊದಲ ನೋಟಿಸಿಗೇ ಸ್ವಂತ ವಕೀಲರನ್ನು ಇಡಬೇಕು, ಲಿಖಿತ ಉತ್ತರ ಕೊಡಬೇಕು, ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

ಕಾರಿನ ದುಡ್ಡು ಸಿಗುವುದಿಲ್ಲ ಎಂದು ಗೊತ್ತಿದ್ದರೂ ಅಪಘಾತವನ್ನು ಕಂಪನಿಗೆ ಕೂಡಲೇ ತಿಳಿಸಬೇಕು. ತಿಳಿಸುವುದು ಪಾಲಿಸಿಯ ಷರತ್ತು. ತಿಳಿಸದೆ ಇದ್ದರೆ ಅವರಿಗೆ ಇನ್ನೊಂದು ತಕರಾರು ಕೊಟ್ಟ ಹಾಗಾಗುತ್ತದೆ.

ಕ್ಲೇಮಿನ ಪಕ್ಕದಲ್ಲೇ ಕ್ರಿಮಿನಲ್ ಕೇಸೂ ಓಡುತ್ತದೆ. ಹುಡುಗ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಾನೆ. ಹೆತ್ತವರ ಮೇಲೆ ಬರುವುದು 2019ರಲ್ಲಿ ಕಾಯ್ದೆಗೆ ಸೇರಿಸಿದ 199-ಎ ಸೆಕ್ಷನ್. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ಮಾಲೀಕರು ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ದಂಡ. ಕಾರಿನ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸೂ ಸಿಗುವುದಿಲ್ಲ. ಹೆತ್ತವರ ಒಪ್ಪಿಗೆ ಇತ್ತು ಎಂದೇ ಕೋರ್ಟು ಮೊದಲು ಊಹಿಸುತ್ತದೆ. ಗೊತ್ತಿರಲಿಲ್ಲ, ಇಲ್ಲವೇ ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆವು ಎಂದು ತೋರಿಸುವ ಹೊಣೆ ಹೆತ್ತವರದ್ದು. ಟ್ರಿಬ್ಯುನಲ್ಲಿನಲ್ಲಿ ಸಾಬೀತು ಮಾಡಬೇಕಾದವರು ಕಂಪನಿ, ಇಲ್ಲಿ ನೀವು. ಎರಡು ಕೋರ್ಟಿನಲ್ಲಿ ಎರಡು ಬೇರೆ ಅಳತೆ. ಆದರೂ ಈ ಸೆಕ್ಷನ್ ಇರುವ ಚಾರ್ಜ್‌ಶೀಟ್ ಕಂಪನಿಯ ವಕೀಲರ ಕೈಯಲ್ಲಿ ಮುಖ್ಯ ದಾಖಲೆಯಾಗುತ್ತದೆ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸುತ್ತೇನೆ. 16 ತುಂಬಿದವರಿಗೆ ಕಲಿಕಾ ಲೈಸೆನ್ಸ್ ಸಿಗುತ್ತದೆ, ಹೌದು. ಅದು 50 ಸಿಸಿ ಮೀರದ ದ್ವಿಚಕ್ರಕ್ಕೆ ಮಾತ್ರ. ಆ ಕಾರ್ಡು ಜೇಬಿನಲ್ಲಿಟ್ಟುಕೊಂಡು ಕಾರು ಓಡಿಸಿದರೆ ಪಾಲಿಸಿಗೂ ಅದು ಲೈಸೆನ್ಸ್ ಅಲ್ಲ, 199-ಎ ಸೆಕ್ಷನ್ನಿನಲ್ಲಿ ಕಲಿಯುವವರಿಗೆ ಇರುವ ವಿನಾಯಿತಿಯೂ ಸಿಗುವುದಿಲ್ಲ. ಯಾವ ವಾಹನಕ್ಕೆ ಲೈಸೆನ್ಸ್ ಇದೆಯೋ ಅದನ್ನೇ ಓಡಿಸುತ್ತಿರಬೇಕು.

ಇನ್ನು 18 ತುಂಬಿ ಕಾರಿನ ಕಲಿಕಾ ಲೈಸೆನ್ಸ್ ತೆಗೆದವರ ಕಥೆ. ಇಲ್ಲಿ ಚಿತ್ರ ಪೂರ್ತಿ ಬೇರೆ. ಕಲಿಯುವವರಿಗೆ ಇನ್ಶೂರೆನ್ಸ್ ಸಿಗುವುದೇ ಇಲ್ಲ ಎಂದು ಭಯಪಡುವವರಿಗೆ ಇದನ್ನು ಹೇಳಲೇಬೇಕು.

ಅದೇ ಡ್ರೈವರ್ ಕಲಮಿನಲ್ಲಿ ಎರಡನೇ ಸಾಲು ಒಂದಿದೆ. ಚಾಲ್ತಿಯ ಕಲಿಕಾ ಲೈಸೆನ್ಸ್ ಇದ್ದವರೂ ಓಡಿಸಬಹುದು, ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು. ಆ ನಿಯಮ ಕೇಳುವುದು ಮೂರು. ಕಲಿಕಾ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಅದರ ಆಯಸ್ಸು ಆರು ತಿಂಗಳು. ಗಾಡಿಯ ಮುಂದೆ, ಹಿಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಎಲ್ ಇರಬೇಕು. ಆ ವಾಹನ ಓಡಿಸುವ ಲೈಸೆನ್ಸ್ ಇರುವವರು ಜೊತೆಗೆ ಕೂತಿರಬೇಕು, ಗಾಡಿಯನ್ನು ಹತೋಟಿಗೆ ತರುವ ಇಲ್ಲವೇ ನಿಲ್ಲಿಸುವ ಹಾಗೆ ಕೂತಿರಬೇಕು. ಮನೆಯ ಕಾರಿನಲ್ಲಿ ಅದರ ಅರ್ಥ ಮುಂದಿನ ಎಡ ಸೀಟು, ಹ್ಯಾಂಡ್‌ಬ್ರೇಕ್ ಕೈಗೆ ಎಟುಕುವ ಜಾಗ. ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತ ಕೂತ ಅಪ್ಪ ಈ ಲೆಕ್ಕಕ್ಕೆ ಬರುವುದಿಲ್ಲ.

ನಿಗಡಿಯ ಮನೆಯನ್ನು ಬಿಟ್ಟು ಇನ್ನೊಂದು ಮನೆ ನೋಡೋಣ. ಹಡಪಸರದಲ್ಲಿ ಹತ್ತೊಂಬತ್ತರ ಮಗಳು, ಮೂರು ತಿಂಗಳ ಹಿಂದೆ ತೆಗೆದ ಕಲಿಕಾ ಲೈಸೆನ್ಸ್. ಎಡಗಡೆ ಕಾರಿನ ಲೈಸೆನ್ಸ್ ಇರುವ ಅಮ್ಮ. ಎಲ್ ಬೋರ್ಡು ಇದೆ. ಸೋಲಾಪುರ ರೋಡಿನಲ್ಲಿ ಕಾರು ಡಿವೈಡರಿಗೆ ತಾಗಿ 85,000 ರಿಪೇರಿ ಬಂತು. ಈ ಕ್ಲೇಮನ್ನು ಕಂಪನಿ ಕೊಡಬೇಕು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಪ್ರಕಾರ ಸವಕಳಿ ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 ರೂಪಾಯಿ ಹೋಗುತ್ತದೆ. ಉಳಿದದ್ದು ಸಿಗುತ್ತದೆ. ಮುಂದಿನ ವರ್ಷ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಅದು ಯಾರು ಓಡಿಸಿದ್ದರೂ ಹೋಗುತ್ತಿತ್ತು. ಫಾರಮಿನಲ್ಲಿ ಡ್ರೈವರ್ ಕಾಲಮಿಗೆ ಮಗಳ ಹೆಸರನ್ನೇ ಬರೆದು, ಜೊತೆಗೆ ಅಮ್ಮನ ಲೈಸೆನ್ಸಿನ ಪ್ರತಿ ಕೊಡಬೇಕು. ಅಮ್ಮ ಓಡಿಸಿದರು ಎಂದು ಬರೆಸುವ ಅಗತ್ಯವೇ ಇಲ್ಲ. ಸಿಗುವ ಕ್ಲೇಮನ್ನು ಹೆದರಿಕೆಯಿಂದ ಸುಳ್ಳು ಹೇಳಿ ಕಳಕೊಂಡಂತೆ ಆಗುತ್ತದೆ.

ಈಗ ಒಂದೇ ವಿಷಯ ಬದಲಿಸಿ. ಮಗಳು ಒಬ್ಬಳೇ ಇದ್ದಳು. ಅಥವಾ ಪಕ್ಕದಲ್ಲಿ ಕೂತ ಅಣ್ಣನಿಗೆ ಬೈಕಿನ ಲೈಸೆನ್ಸ್ ಮಾತ್ರ ಇತ್ತು. ಅಥವಾ ಕಲಿಕಾ ಲೈಸೆನ್ಸಿನ ಆರು ತಿಂಗಳು ಮುಗಿದು ಒಂದು ವಾರ ಆಗಿತ್ತು. ಕಾರಿನ ಹಾನಿಯ ಕ್ಲೇಮಿಗೆ ಈ ಮೂರರಲ್ಲಿ ಯಾವುದಾದರೂ ಒಂದು ಸಾಕು, ಕಂಪನಿ ತಿರಸ್ಕರಿಸಲು ಆಧಾರ ಸಿಕ್ಕಿತು. ಎಲ್ ಬೋರ್ಡು ಇಲ್ಲದ್ದು ಇವುಗಳಷ್ಟು ಭಾರದ್ದಲ್ಲ ಅನ್ನಿಸಬಹುದು. ಆದರೂ ನಿಯಮದಲ್ಲಿ ಅದೂ ಇದೆ, ತಕರಾರಿಗೆ ಅದನ್ನೂ ಎತ್ತುತ್ತಾರೆ. ಎರಡು ಸ್ಟಿಕ್ಕರಿಗಾಗಿ ಆ ವಾದಕ್ಕೆ ಎಡೆ ಕೊಡುವುದು ಬೇಡ.

ಥರ್ಡ್ ಪಾರ್ಟಿಯಲ್ಲಿ ಮಾತ್ರ ಕಲಿಯುವವರ ಸ್ಥಿತಿ ಅಪ್ರಾಪ್ತರಿಗಿಂತ ಬಹಳ ಗಟ್ಟಿ. ಕಲಿಕಾ ಲೈಸೆನ್ಸೂ ಲೈಸೆನ್ಸೇ, ಅದನ್ನು ಹಿಡಿದವರು ಓಡಿಸುವಾಗ ಅಪಘಾತವಾದರೆ ಕಂಪನಿ ಪರಿಹಾರ ಕೊಡಬೇಕು ಎಂದು ಸ್ವರ್ಣ ಸಿಂಗ್ ತೀರ್ಪು ಹೇಳಿದೆ. ಜೊತೆಗೆ ಯಾರೂ ಇರಲಿಲ್ಲ ಎಂಬುದನ್ನು ಕಂಪನಿ ಅಲ್ಲೂ ಎತ್ತಬಹುದು. ಆಗಲೂ ಆ ತಪ್ಪು ಅಪಘಾತಕ್ಕೆ ಕಾರಣವಾಯಿತು ಎಂದು ತೋರಿಸುವ ಹೊರೆ ಕಂಪನಿಯ ಮೇಲೇ ಇರುತ್ತದೆ. ಮುಗಿದುಹೋದ ಕಲಿಕಾ ಲೈಸೆನ್ಸಿಗೆ ಮಾತ್ರ ಈ ರಕ್ಷಣೆ ಇಲ್ಲ. ಆ ದಿನದ ಮಟ್ಟಿಗೆ ಅವರೂ ಲೈಸೆನ್ಸ್ ಇಲ್ಲದವರೇ.

ಕಲಿಕಾ ಲೈಸೆನ್ಸಿನ ಕ್ಲೇಮನ್ನು ಕಂಪನಿ ತಿರಸ್ಕರಿಸಿದರೆ, ನಿಮ್ಮ ಕಡೆ ಮೂರೂ ಷರತ್ತು ಸರಿ ಇದ್ದರೆ, ಸುಮ್ಮನೆ ಕೂರಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರ ಬಳಿ ಹೋಗಬಹುದು. ಪುಣೆಯಲ್ಲೇ ಅವರ ಕಚೇರಿ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆಯಾಗುವುದರಿಂದ ಅಪಘಾತ ಆದ ಕೂಡಲೇ, ಯಾರಿಗೂ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ, ಇಬ್ಬರೂ ಇರುವ ಒಂದು ಫೋಟೋ, ಎಲ್ ಬೋರ್ಡ್ ಕಾಣುವ ಹಾಗೆ ಕಾರಿನ ಮುಂದಿನ ಮತ್ತು ಹಿಂದಿನ ಫೋಟೋ ತೆಗೆದಿಡಿ. ಫೋಟೋದ ಜೊತೆ ಹೊತ್ತು, ಜಾಗ ತಾನಾಗೇ ದಾಖಲಾಗುವ ಸೆಟ್ಟಿಂಗ್ ಆನ್ ಇರಲಿ.